ಕೋಡಿಯ ಕೆಳಗೆ ನೀರು ಕುದಿಯಬೇಕು

ಹೊಸನಗರದಲ್ಲಿ ಸಹಾಯಕ ಇಂಜಿನಿಯರ್ ಆಗಿದ್ದಾಗ ನನಗೆ ಮತ್ತೆ ಮತ್ತೆ ಬರುತ್ತಿದ್ದ ಅರ್ಜಿ ಒಂದೇ. ‘ಕೋಡಿಯ ಕೆಳಗೆ ನೀರು ಕುದಿಯುತ್ತಿದೆ, ದಯವಿಟ್ಟು ನಿಲ್ಲಿಸಿಕೊಡಬೇಕು.’

ಬರೆಯುತ್ತಿದ್ದವರೂ ಒಬ್ಬರೇ, ಒಂದು ಗದ್ದೆಯ ಯಜಮಾನರು. ನಿಟ್ಟೂರಿನ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಹಳ್ಳಕ್ಕೆ ನಮ್ಮ ಇಲಾಖೆ ಕಟ್ಟಿದ ಸಣ್ಣ ಅಣೆಕಟ್ಟು ಇತ್ತು. ಅದು ತುಂಬಿದ ಮೇಲೆ ಹೆಚ್ಚಾದ ನೀರು ಕೋಡಿಯ ಮೇಲಿಂದ ಜಾರಿ ಕೆಳಗಿನ ಕಾಂಕ್ರೀಟ್ ಹಾಸಿನ ಮೇಲೆ ಬೀಳುತ್ತಿತ್ತು. ಅಲ್ಲಿಂದ ಕೆಳಗೆ ಎಡದಂಡೆಯಲ್ಲಿ ಇವರ ಗದ್ದೆ. ಅಪ್ಪನ ಕಾಲದಲ್ಲಿ ಗೇಣಿಗೆ ಮಾಡುತ್ತಿದ್ದದ್ದು, ಆಮೇಲೆ ಮನೆಯವರ ಹೆಸರಿಗೇ ಆದದ್ದು. ಆ ಗದ್ದೆಯ ಅಂಚಿಗೆ ಯಾರು ಬಂದರೂ ಅವರಿಗೆ ಸಂಶಯ. ನಾನು ಬಂದರಂತೂ ಕೇಳುವುದೇ ಬೇಡ.

“ಎಂತ ಮೇಡಂ, ನೀರು ಹಾಗೆ ಮಗುಚಿ ಮಗುಚಿ ಹೊಡ್ಕೊಳ್ತದಲ್ಲ, ಅದು ಕಟ್ಟೆನ ತಿಂದು ಹಾಕೂದಿಲ್ವಾ?” ಎಂದು ಆಫೀಸಿಗೇ ಬಂದು ಕೇಳಿದರು.

“ಅದು ಕುದೀಬೇಕು ಯಜಮಾನ್ರೆ. ಕುದೀಲಿ ಅಂತ್ಲೇ ಕಟ್ಟಿರೋದು.”

“ಹಾಳು ಮಾಡೂಕೆ ಅಂತ್ಲೇ ಕಟ್ಟಿದ್ರಾ?”

ಸಾಗರದಲ್ಲಿದ್ದ ನನ್ನ ಮೇಲಧಿಕಾರಿ, ಅವರಿಗೊಂದು ಲಿಖಿತ ಉತ್ತರ ಕೊಟ್ಟು ಫೈಲು ಮುಗಿಸಿ ಎಂದರು. ಕೊಟ್ಟೆ. ‘ಸದರಿ ಸ್ಥಳದಲ್ಲಿ ಹೈಡ್ರಾಲಿಕ್ ಜಂಪ್ ವಿನ್ಯಾಸಾನುಸಾರ ಉಂಟಾಗುತ್ತಿರುವುದರಿಂದ ಆತಂಕಕ್ಕೆ ಕಾರಣವಿಲ್ಲ.’ ಇಂಥ ಉತ್ತರವನ್ನು ಓದಿ ಯಾರಿಗಾದರೂ ಆತಂಕ ಹೋದದ್ದುಂಟೇ? ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ಪತ್ರದಲ್ಲಿ ಬರೆಯಬೇಕಾಗಿದ್ದದ್ದು ಕಷ್ಟದ ಸಂಗತಿಯಲ್ಲ. ಕೋಡಿಯಿಂದ ಇಳಿದ ನೀರು ಹಾಸಿನ ಮೇಲೆ ತೆಳ್ಳಗೆ, ಗಾಜಿನ ಹಾಳೆಯ ಹಾಗೆ ಓಡುತ್ತದೆ. ಆಳ ಮುಕ್ಕಾಲು ಅಡಿಯೂ ಇರುವುದಿಲ್ಲ. ವೇಗ ಎಷ್ಟೆಂದರೆ ಒಂದು ಅಲೆಯೂ ಅದಕ್ಕೆ ಎದುರಾಗಿ ಮೇಲಕ್ಕೆ ಹತ್ತಲಾರದು. ಮುಂದೆ ಹಳ್ಳದಲ್ಲಿ ಐದಡಿ ಆಳದ ನಿಧಾನದ ನೀರು ನಿಂತಿರುತ್ತದೆ. ಓಡಿಬಂದ ತೆಳ್ಳನೆಯ ನೀರಿನ ನೂಕು, ನಿಂತ ನೀರಿನ ಒತ್ತಡ ಎರಡೂ ಸರಿದೂಗಿದ ಜಾಗದಲ್ಲಿ ನೀರು ಒಮ್ಮೆಲೇ ಮೇಲೇಳುತ್ತದೆ. ಮೇಲ್ಭಾಗ ಹಿಂದಕ್ಕೆ ಉರುಳಿ, ಗಾಳಿ ನುಂಗಿ, ಬೆಳ್ಳಗೆ ನೊರೆಯಾಗುತ್ತದೆ. ಅದೇ ಜಂಪ್. ಓಡಿಬಂದ ನೀರಿನ ಸುಮಾರು ಅರ್ಧ ಶಕ್ತಿ ಆ ಸುಳಿಗಳಲ್ಲೇ ತಿಕ್ಕಾಡಿ, ಯಾರಿಗೂ ಗೊತ್ತಾಗದಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ಆ ಗುದ್ದಾಟ ಗಟ್ಟಿ ಕಾಂಕ್ರೀಟಿನ ಮೇಲೆಯೇ ನಡೆದು ಮುಗಿಯಲಿ, ಮಣ್ಣಿನ ದಂಡೆಗೆ ತಲುಪುವಷ್ಟರಲ್ಲಿ ನೀರು ಸುಸ್ತಾಗಲಿ ಎಂದೇ ಹಾಸು ಕಟ್ಟುವುದು.

ಇನ್ನೊಂದನ್ನೂ ನಾನು ಹೇಳಿರಲಿಲ್ಲ. ಆ ಐದಡಿ ನೀರನ್ನು ಅಲ್ಲಿ ತಡೆದು ನಿಲ್ಲಿಸುತ್ತಿದ್ದದ್ದು ಸ್ವಲ್ಪ ಕೆಳಗೆ ಹಳ್ಳಕ್ಕೆ ಅಡ್ಡವಾಗಿದ್ದ ಒಂದು ಬಂಡೆಗಲ್ಲಿನ ಸಾಲು. ನಕ್ಷೆಯಲ್ಲಿ ಅದೊಂದು ಸಣ್ಣ ಗೆರೆ, ಅಷ್ಟೆ.

ಯಜಮಾನರಿಗೆ ಆ ಸಾಲಿನ ಮೇಲೂ ಕೋಪವಿತ್ತು. ಅದರಿಂದಲೇ ನೀರು ಗದ್ದೆಯ ಅಂಚಿಗೆ ಏರಿ ನಿಲ್ಲುತ್ತದೆ ಎಂದು ಅವರ ಲೆಕ್ಕ. ಅದು ತಪ್ಪೂ ಅಲ್ಲ. ಬೇಸಿಗೆಯಲ್ಲಿ ಯಾರನ್ನೂ ಕೇಳದೆ ಜೆಸಿಬಿ ತರಿಸಿ ಇಡೀ ಸಾಲನ್ನು ಕಿತ್ತು ದಂಡೆಗೆ ಹಾಕಿಸಿದರು. ತೂಬು ನೋಡಿಕೊಳ್ಳುವ ನಮ್ಮ ಸೌಡಿಗೆ ಇದು ಗೊತ್ತಿತ್ತು. “ಹಳ್ಳ ಕ್ಲೀನ್ ಮಾಡಿದ್ರಲ್ಲ, ಒಳ್ಳೇದೇ ಆಯ್ತು ಅಂದ್ಕಂಡೆ ಮೇಡಂ” ಎಂದು ಆಮೇಲೆ ಹೇಳಿದ.

ಆಷಾಢದಲ್ಲಿ ಒಂದು ಬೆಳಿಗ್ಗೆ ಯಜಮಾನರ ಫೋನ್ ಬಂತು. ದನಿಯಲ್ಲಿ ಸಂತೋಷವೋ ಸಂತೋಷ.

“ಸರಿ ಆಯ್ತು ಮೇಡಂ! ನೀವು ಎಂತ ಮಾಡ್ದೆ ಇದ್ರೂ ಸರಿ ಆಯ್ತು. ಕುದಿಯೂದು ನಿಂತು ನೀರು ಸಲೀಸಾಗಿ ಹೋಗ್ತಾ ಉಂಟು.”

ಫೋನ್ ಇಟ್ಟವಳೇ ಜೀಪು ಹತ್ತಿ ಹೋದೆ.

ನೋಡಿದರೆ ಹಾಸಿನ ಮೇಲೆ ನೀರು ಕನ್ನಡಿಯ ಹಾಗೆ ಜಾರುತ್ತಿತ್ತು. ನೊರೆಯೇ ಇಲ್ಲ. ಹಾಸು ಮುಗಿದು ಮೂವತ್ತು ಹೆಜ್ಜೆ ಕೆಳಗೆ, ಸರಿಯಾಗಿ ಅವರ ಗದ್ದೆಯ ಮಗ್ಗುಲಲ್ಲಿ, ಬೆಳ್ಳನೆಯ ಗೋಡೆಯ ಹಾಗೆ ಜಂಪ್ ಎದ್ದು ನಿಂತಿತ್ತು. ಬಂಡೆಸಾಲೇ ಅಲ್ಲಿರಲಿಲ್ಲ; ತಡೆದು ನಿಲ್ಲಿಸುವ ಆಳದ ನೀರಿಲ್ಲದೆ ಜಂಪ್ ಕೆಳಕ್ಕೆ ಸರಿದಿತ್ತು. ಫೋಟೋ ತೆಗೆದು ಸಾಗರಕ್ಕೆ ಕಳಿಸಿ ಫೋನ್ ಮಾಡಿದೆ.

“ಫೋಟೋದಲ್ಲಿ ಚೆನ್ನಾಗೇ ಇದೆಯಲ್ಲಮ್ಮ, ಹಾಸೆಲ್ಲ ಕ್ಲೀನಾಗಿ ಕಾಣ್ತಿದೆ” ಎಂದರು ಮೇಲಧಿಕಾರಿ.

“ಸರ್, ಜಂಪ್ ಎಲ್ಲಿದೆ ನೋಡಿ!” ಎಂದು ಕಿರುಚಿದೆ.

ಅವರು ಮತ್ತೆ ಫೋಟೋ ತೆರೆದು ನೋಡಿರಬೇಕು. ಆಮೇಲೆ “ಅಯ್ಯೋ” ಎಂದರು.

ಅಷ್ಟರಲ್ಲಿ ದಂಡೆಯಿಂದ ಒಂದು ಮಣ್ಣಿನ ಹೆಂಟೆ, ಮೇಲಿದ್ದ ಸಸಿಯ ಸಮೇತ, ಧೊಪ್ಪೆಂದು ನೀರಿಗೆ ಬಿತ್ತು. ಯಜಮಾನರು ಓಡಿಬಂದರು. “ನಿಮ್ಮ ಕೋಡಿ ನನ್ನ ಗದ್ದೆ ತಿಂತಾ ಉಂಟು!” ಎಂದು ನನ್ನ ಮೇಲೆಯೇ ಹಾರಿದರು. ಕಲ್ಲು ಕಿತ್ತದ್ದರಿಂದ ಹೀಗಾಯಿತೆಂದರೆ ಕೇಳಬೇಕಲ್ಲ. “ಅಡ್ಡ ಇದ್ದದ್ದು ತೆಗೆದ್ರೆ ನೀರು ಸುಲಭವಾಗಿ ಹೋಗೂದಿಲ್ವಾ? ಇಷ್ಟೂ ಗೊತ್ತಾಗೂದಿಲ್ವಾ ನಿಮ್ಗೆ?” ನಾನೂ ದನಿ ಏರಿಸಿದೆ. ಸೌಡಿ ನಡುವೆ ನಿಂತು ಇಬ್ಬರಿಗೂ ಹೌದೌದು ಎನ್ನುತ್ತಿದ್ದ. ಅದು ಇನ್ನೂ ಸಿಟ್ಟು ಬರಿಸಿತು.

ಕೊನೆಗೆ ಅವರ ಮನೆಯಂಗಳದ ನಲ್ಲಿಯ ಹತ್ತಿರ ಹೋದೆ. ಯಜಮಾನರ ಹೆಂಡತಿಯಿಂದ ಒಂದು ಅಗಲವಾದ ಹರಿವಾಣ ಕೇಳಿ ತೆಗೆದುಕೊಂಡು, ಮಗುಚಿ ಹಾಕಿ, ನಲ್ಲಿ ಬಿಟ್ಟೆ. ನೀರು ಬಿದ್ದಲ್ಲಿಂದ ಸುತ್ತಲೂ ತೆಳ್ಳಗೆ ಹರಡಿ, ದೂರ ಹೋಗಿ ಉಂಗುರದ ಹಾಗೆ ದಪ್ಪಗಾಯಿತು.

“ಒಳಗಡೆ ಓಡೋ ನೀರು. ಉಂಗುರ ಇರೋ ಕಡೆ ಜಂಪ್. ಆಚೆ ನಿಧಾನದ ನೀರು” ಎಂದೆ. ಆಮೇಲೆ ಹರಿವಾಣವನ್ನು ಅಂಚು ಮೇಲಾಗುವಂತೆ ತಿರುಗಿಸಿ ಇಟ್ಟೆ. ಅಂಚಿನೊಳಗೆ ನೀರು ನಿಂತು ಏರುತ್ತಿದ್ದ ಹಾಗೆ ಉಂಗುರ ನಲ್ಲಿಯ ಬುಡದ ಕಡೆಗೆ ಕುಗ್ಗುತ್ತಾ ಬಂತು.

ಯಜಮಾನರು ಬಗ್ಗಿ ಉಂಗುರವನ್ನೇ ನೋಡುತ್ತಿದ್ದರು. ಅವರ ಹೆಂಡತಿಯೇ ಮೊದಲು ಮಾತಾಡಿದರು. “ಅಲ್ಲ ಮಾರಾಯ್ರೆ, ನೀವು ಕಿತ್ತದ್ದು ಹರಿವಾಣದ ಅಂಚು! ಅಂಚಿಲ್ದೆ ಹೋದ್ರೆ ಆ ಕುದಿಯೂದು ನಮ್ಮ ಗದ್ದೆಗೇ ಬರೂದಲ್ವಾ?”

ನನ್ನ ಒಂದು ಪತ್ರ, ನಾಲ್ಕು ಭೇಟಿ, ಅಷ್ಟು ಜಗಳ ಯಾವುದೂ ಮಾಡದ ಕೆಲಸವನ್ನು ಅವರು ಎರಡು ಮಾತಿನಲ್ಲಿ ಮಾಡಿದರು.

ಎರಡು ದಿನ ಮಳೆ ಬಿಟ್ಟು ಹೊಳವಾಗಿ ಹಳ್ಳ ಇಳಿದಾಗ, ಕೋಡಿ ತೆಳ್ಳಗೆ ಹರಿಯುತ್ತಿದ್ದಾಗ, ಬಂಡೆಸಾಲಿದ್ದ ಜಾಗದಲ್ಲಿ ಮರಳಿನ ಚೀಲಗಳನ್ನು ಅಡ್ಡ ಪೇರಿಸಿ, ಕಿತ್ತುಹಾಕಿದ್ದ ಕಲ್ಲುಗಳನ್ನೇ ತಂತಿ ಬಲೆಯಲ್ಲಿ ತುಂಬಿ ಒತ್ತುಕೊಟ್ಟೆವು. ಯಜಮಾನರು ಮೊಣಕಾಲುದ್ದ ನೀರಿನಲ್ಲಿ ನಿಂತು ಕಲ್ಲು ಹೊತ್ತರು. ಮೂರನೆಯ ದಿನ ಮತ್ತೆ ಮಳೆ ಬಂತು. ಎಲ್ಲರೂ ದಂಡೆಯ ಮೇಲೆ ಹೋಗಿ ನಿಂತೆವು. ಕೆಳಗಿನ ನೀರು ಏರಿದ ಹಾಗೆಲ್ಲ ಬೆಳ್ಳನೆಯ ನೊರೆಯ ಸಾಲು ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದು ಹಾಸಿನ ಮೇಲೆ ಹತ್ತಿ ನಿಂತಿತು. ಸೌಡಿ ಕೈಮುಗಿದ. ನನಗೆ ಅಳು ಬಂದ ಹಾಗಾಯಿತು. ಸಿಟ್ಟಿಗೋ, ಸಮಾಧಾನಕ್ಕೋ ತಿಳಿಯಲಿಲ್ಲ.

ಗದ್ದೆಯ ಒಂದು ಪಟ್ಟಿ ಹೋದದ್ದು ಹೋಯಿತು. ಹಾಸಿನ ಕೊನೆಯ ಬುಡದಲ್ಲಿ ನೀರು ಕೊರೆದ ಗುಂಡಿಗೆ ಬೇಸಿಗೆಯಲ್ಲಿ ಕಾಂಕ್ರೀಟ್ ತುಂಬಿ, ಚೀಲಗಳ ಜಾಗದಲ್ಲಿ ಪಕ್ಕಾ ಅಡ್ಡಗೋಡೆ ಕಟ್ಟಿಸಿದೆವು. ಅದರ ವರದಿಯಲ್ಲಿ ‘ಈ ಗೋಡೆ ನೀರನ್ನು ತಡೆದು ನಿಲ್ಲಿಸಿದರೆ ಮಾತ್ರ ಕೋಡಿಯ ನೀರಿನ ಆರ್ಭಟ ಹಾಸಿನ ಮೇಲೆ ಮುಗಿಯುತ್ತದೆ, ಯಾರೂ ತೆಗೆಯಬಾರದು’ ಎಂದು ಬರೆದೆ. ಸಾಗರದಿಂದ ಕೆಂಪು ಶಾಯಿಯ ಟಿಪ್ಪಣಿಯೊಂದಿಗೆ ವರದಿ ವಾಪಸ್ ಬಂತು: ‘ಆರ್ಭಟ’ ಇಲಾಖೆಯ ಭಾಷೆಯಲ್ಲ, ತಿದ್ದಿ ಕಳಿಸಿ. ನಾನು ತಿದ್ದಲಿಲ್ಲ.