ಕಾಣದಂತೆ ಮುಚ್ಚಿಟ್ಟ ಬೋರ್ಡು

ಮಗಳಿಗೆ ಗೇಮ್ ಕನ್ಸೋಲ್ ಕೊಡಿಸಿದ್ದು ಅವಳಪ್ಪ. ಅದನ್ನು ಕೂರಿಸುವ ಕೆಲಸ ನನ್ನ ತಲೆಗೆ ಬಂತು. ಪಾಂಡವಪುರದ ನಮ್ಮ ಮನೆಯ ಹಾಲ್ ಎಲ್ಲರಿಗೂ ಸೇರಿದ್ದು. ಅತ್ತೆಯ ಧಾರಾವಾಹಿ, ಮಗಳ ಆಟ, ಯಜಮಾನರ ಗೊರಕೆ, ಎಲ್ಲ ಅಲ್ಲೇ. ಅತ್ತೆಗೆ ಮಂಡಿ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ವಾಕರ್ ಹಿಡಿದು ನಡೆಯುವವರ ಕಾಲಿಗೆ ವೈರು ಸಿಕ್ಕಿದರೆ ಮತ್ತೆ ಆಸ್ಪತ್ರೆಯೇ ಗತಿ.

ಟೀವಿ ಪಕ್ಕ ಇದ್ದದ್ದು ಒಂದೇ ಪ್ಲಗ್ಗು, ಅದು ಟೀವಿಗೇ ಆಯಿತು. ಯಜಮಾನರು ಎಕ್ಸ್‌ಟೆನ್ಷನ್ ಬೋರ್ಡು ತಂದು, ಎದುರು ಗೋಡೆಯ ಪ್ಲಗ್ಗಿನಿಂದ ಹಾಲಿನ ನಟ್ಟನಡುವೆ ವೈರು ಎಳೆದರು.

"ದಾಟ್ಕಂಡು ಓಡಾಡಿ, ಏನಾಯ್ತದೆ?"

ಮಂಡಿ ಅವರದ್ದಲ್ಲವಲ್ಲ! ಬೈದುಕೊಂಡೇ ನಾನು ವೈರನ್ನು ಬಾಗಿಲಿಲ್ಲದ ಕಡೆಯಿಂದ ಗೋಡೆಯಂಚಿಗೆ ತಂದು ಕ್ಲಿಪ್ಪು ಹೊಡೆದೆ. ಬೋರ್ಡನ್ನು ಟೀವಿ ಸ್ಟ್ಯಾಂಡಿನ ಕೆಳಗೆ ನೆಲದ ಮೇಲಿಟ್ಟು, ಮುಂದೆ ನನ್ನ ಕಸೂತಿಯ ಬಟ್ಟೆ ಇಳಿಬಿಟ್ಟೆ. ನಾಗಮಂಗಲದಿಂದ ಬಂದ ನಾದಿನಿ ಮೂಲೆಮೂಲೆ ಜಾಲಾಡಿದರೂ ಒಂದು ವೈರು ಕಾಣಲಿಲ್ಲ. ಹೇಳಲು ಏನೂ ಸಿಗದೆ, ಕಾಫಿಗೆ ಸಕ್ಕರೆ ಕಡಿಮೆ ಎಂದು ಹೋದಳು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಶುಕ್ರವಾರ ಬಂತು. ಶುಕ್ರವಾರ ನೆಲ ಒರೆಸಿದರೆ ನಮ್ಮ ಮನೆ ಲಕ್ಷ್ಮಿಗೆ ಸಾಲದು; ಬಕೆಟ್ಟಿನಲ್ಲಿ ನೀರು ಸುರಿದು ತೊಳೆಯಬೇಕು. ಅದಕ್ಕೆಂದೇ ನೆಲಕ್ಕೆ ಇಳಿಜಾರು ಕೊಟ್ಟು, ಮೂಲೆಯಲ್ಲಿ ನೀರು ಹೋಗಲು ತೂತು ಬಿಟ್ಟಿದ್ದಾರೆ. ಟೀವಿ ಸ್ಟ್ಯಾಂಡು ಇರುವುದು ಆ ಮೂಲೆಯಲ್ಲೇ. ಬೋರ್ಡಿನ ನೆನಪೇ ಇಲ್ಲದೆ ನಾನು ಎರಡು ಬಕೆಟ್ ಸುರಿದೆ. ದೇವರ ಕೋಣೆಯ ಹೊಸಿಲಿನಿಂದ ಅತ್ತೆ ಆಗಷ್ಟೇ ಒಂದು ಬರಿಗಾಲನ್ನು ನೀರಿಗೆ ಇಳಿಸಿದ್ದರು. ಟಪ್ಪೆಂದು ಮನೆಯ ಕರೆಂಟೆಲ್ಲ ಹೋಯಿತು.

ಬಜಾರಿನಿಂದ ಬಂದ ಎಲೆಕ್ಟ್ರಿಷಿಯನ್ ಕಸೂತಿ ಬಟ್ಟೆ ಎತ್ತಿ, ನೀರಲ್ಲಿ ಕೂತ ಬೋರ್ಡು ನೋಡಿದ.

"ಯಾ ಅಲ್ಲಾ! ಕರೆಂಟು ಸೋರುದ್ರೆ ಕಟ್ಟಾಗೋ ಸ್ವಿಚ್ಚು ಮೀಟ್ರತ್ರ ಇತ್ತು, ಬಚಾವಾದ್ರಿ ಅಕ್ಕ. ಅದಿಲ್ದಿದ್ರೆ..."

ನಾನು ಅತ್ತೆಯ ಕಾಲಿನ ಕಡೆ ನೋಡಿದೆ.

ಅವನು ಎಕ್ಸ್‌ಟೆನ್ಷನ್ ಬೋರ್ಡು ಕಿತ್ತುಹಾಕಿ, ಟೀವಿ ಹಿಂದೆ ಎದೆಯೆತ್ತರದಲ್ಲಿ ಅರ್ಥಿಂಗ್ ಇರುವ ಹೊಸ ಪ್ಲಗ್ಗುಗಳನ್ನು ಕೂರಿಸಿದ. ವೈರನ್ನು ಗೋಡೆಯ ಮೇಲೆ ಬಿಳಿ ಪ್ಲಾಸ್ಟಿಕ್ ಪಟ್ಟಿಯೊಳಗೆ ತಂದ. ಕನ್ಸೋಲ್ ಸ್ಟ್ಯಾಂಡಿನ ಮೇಲೇರಿತು. ಪಟ್ಟಿ ಎದ್ದು ಕಾಣುತ್ತಿತ್ತು. ನಾಚಿಕೆಗೆಟ್ಟ ನನ್ನ ಕೈ ಮತ್ತೆ ಬಟ್ಟೆ ಹುಡುಕಿತು.

"ಮುಚ್ಬ್ಯಾಡಿ ಅಕ್ಕ, ಮಿಷನ್ನಿಗೆ ಗಾಳಿ ಆಡ್ಬೇಕು. ಬಿಸಿಯಾಯ್ತದೆ," ಎಂದ.

ಅವನು ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು.

"ಬೋರ್ಡು ಕಂಡಿದ್ರೆ ನೀರು ಉಯ್ಬ್ಯಾಡ ಅಂತ ನಾನಾರ ಕೂಗ್ತಿದ್ದೆ ಕಣಮ್ಮಿ. ನಂಗೂ ಕಾಣ್ದಂಗೆ ಮಡಗಿದ್ಯಲ್ಲ, ಯಾಕೆ?"

ನಿಮ್ಮ ಕಾಲಿಗೆ ಸಿಗಬಾರದೆಂದು ಅತ್ತೆ, ಎನ್ನಲು ಹೊರಟೆ. ಅವರ ಕಾಲಿಗಾಗಿ ಹೊಡೆದದ್ದು ಕ್ಲಿಪ್ಪು ಮಾತ್ರ. ಬಟ್ಟೆ ಇಳಿಬಿಟ್ಟದ್ದು ನೆಂಟರ ಕಣ್ಣಿಗೆ ಹೆದರಿ.