ಗಾರ್ಡ್ ತೆಗೆದವರು ಯಾರು

ಮುಂಬಯಿಯ ವಿಕ್ರೋಳಿಯ ಆ ಕಾರ್ಖಾನೆಯಲ್ಲಿ ಇಂಗ್ಲಿಷ್ ಕರಡು ಎಂದರೆ ವನಮಾಲಾ. ಮೈಸೂರಿನಿಂದ ಮದುವೆಯಾಗಿ ಘಾಟ್ಕೋಪರ್‌ಗೆ ಬಂದಾಕೆ, ಗಂಡ ತೀರಿಕೊಂಡ ಮೇಲೆ ಸಿಬ್ಬಂದಿ ವಿಭಾಗಕ್ಕೆ ಸೇರಿದ್ದಳು. ಶಾಪ್‌ಫ್ಲೋರಿನಲ್ಲಿ ನಮ್ಮ ಕಡೆಯ ಮೇಸ್ತ್ರಿಗಳೇ ಹೆಚ್ಚು. ಅವರು ಕನ್ನಡದಲ್ಲಿ ಯೋಚಿಸಿ, ಪದಕ್ಕೆ ಪದವಿಟ್ಟು ಇಂಗ್ಲಿಷ್ ಬರೆಯುತ್ತಿದ್ದರು. ಕ್ರಿಯಾಪದ ಎಲ್ಲರಿಗಿಂತ ಹಿಂದೆ ಬಂದು ಬಾಗಿಲಲ್ಲಿ ನಿಂತಿರುತ್ತಿತ್ತು. ವನಮಾಲಾ ಮೊದಲು ಕೆಲಸ ಮಾಡಿದವನನ್ನು ಹುಡುಕಿ ಮುಂದೆ ಕೂರಿಸುವಳು, ಕ್ರಿಯಾಪದವನ್ನು ಎಳೆತಂದು ಅವನ ಪಕ್ಕಕ್ಕೆ ಹಚ್ಚುವಳು, ಮಿಕ್ಕಿದ್ದನ್ನು ಬಾಲಕ್ಕೆ ಕಟ್ಟುವಳು. ಮ್ಯಾನೇಜರ್ ಜಯಸಿಂಹ ಓದದೆಯೇ ಸಹಿ ಹಾಕುತ್ತಿದ್ದರು.

ಎಂಬತ್ತಾರರ ಮಳೆಗಾಲದಲ್ಲಿ ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಇಲ್ಲದ ಪ್ರೆಸ್ ಮಶೀನಿಗೆ ಕಾರ್ಮಿಕ ಬಾಷಾನ ಬಲಗೈ ಸಿಕ್ಕಿತು. ಮಣಿಕಟ್ಟಿನಿಂದ ಮುಂದೆ ಕೈ ಉಳಿಯಲಿಲ್ಲ. ಮೇಸ್ತ್ರಿ ಅಣವೀರಪ್ಪ ವರದಿ ಗೀಚಿಕೊಟ್ಟ: ‘ಗಾರ್ಡ್ ರಿಮೂವ್ಡ್ ಪ್ರೆಸ್ ಆನ್ ವರ್ಕಿಂಗ್ ಬಾಷಾ ರೈಟ್ ಹ್ಯಾಂಡ್ ಕ್ರಷ್ಡ್ ವಾಸ್.’ ಅವನ ತಲೆಯಲ್ಲಿದ್ದ ಕನ್ನಡ ವನಮಾಲಾಗೆ ಕೇಳಿಸಿಯೇಬಿಟ್ಟಿತು: ಗಾರ್ಡ್ ತೆಗೆದ ಪ್ರೆಸ್ಸಿನ ಮೇಲೆ ಕೆಲಸ ಮಾಡುತ್ತಿದ್ದ ಬಾಷಾನ ಬಲಗೈ ನಜ್ಜುಗುಜ್ಜಾಯಿತು.

ವರದಿ ಅಂದೇ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಕಚೇರಿಗೆ ಹೋಗಬೇಕಿತ್ತು. ಜಯಸಿಂಹ ಪಕ್ಕದಲ್ಲೇ ನಿಂತಿದ್ದರು. ಆಕೆ ರೂಢಿಯಂತೆ ಹೆಸರನ್ನು ಮುಂದೆ ತಂದಳು: ‘ಹ್ಯಾವಿಂಗ್ ರಿಮೂವ್ಡ್ ದ ಗಾರ್ಡ್, ಬಾಷಾ ವಾಸ್ ವರ್ಕಿಂಗ್ ಆನ್ ದ ಪ್ರೆಸ್...’ ವಾಕ್ಯ ನೀರು ಹರಿದ ಹಾಗಿತ್ತು. ಟೈಪ್ ಆಯಿತು, ಸಹಿ ಬಿತ್ತು, ಹೋಯಿತು.

ದೀಪಾವಳಿ ಹತ್ತಿರ ಬಂದಾಗ ಬಾಷಾನ ಹೆಂಡತಿ ಗೌಹರ ಕಚೇರಿಗೆ ಬಂದಳು. ಪರಿಹಾರ ಕೊಡುವುದಿಲ್ಲ ಎಂದು ಕಂಪನಿ ತಿಳಿಸಿತ್ತು. ಬೇಕೆಂದೇ ಗಾರ್ಡ್ ಕಿತ್ತವನು ಗಾಯಗೊಂಡರೆ ಮಾಲೀಕರು ಹೊಣೆಯಲ್ಲ, ಕಾನೂನಿನಲ್ಲೇ ಹಾಗಿದೆ.

“ಅಕ್ಕಾ, ಇವರು ಗಾರ್ಡ್ ತೆಗದಿಲ್ರೀ,” ಎಂದಳು ಗೌಹರ. “ಮಶೀನಿನ ಡೈ ಅಚ್ಚು ಬದಲ್ ಮಾಡೋವ್ರು ಹಿಂದಿನ ಪಾಳಿಗೇ ತೆಗದಿಟ್ಟಿದ್ರಂತ. ಇವರೇ ತೆಗದ್ರು ಅಂತ ಬರದೋರು ಯಾರ್ರೀ?”

ವನಮಾಲಾ ಫೈಲು ತೆಗೆದು ಎರಡು ವಾಕ್ಯಗಳನ್ನೂ ಅಕ್ಕಪಕ್ಕ ಇಟ್ಟಳು. ‘ತೆಗೆದ ಪ್ರೆಸ್’ ಎನ್ನುವಾಗ ಯಾರು ತೆಗೆದರೆಂದು ಕನ್ನಡ ಹೇಳುವುದಿಲ್ಲ, ಹೇಳಲೇಬೇಕೆಂದೂ ಇಲ್ಲ. ಆಕೆ ಬರೆದ ಇಂಗ್ಲಿಷಿನಲ್ಲಿ ‘ಗಾರ್ಡ್ ತೆಗೆದು ಬಾಷಾ ಕೆಲಸ ಮಾಡುತ್ತಿದ್ದ’ ಎಂದಾಗಿ, ಆ ತೆಗೆಯುವಿಕೆ ನೇರ ಬಾಷಾನ ತಲೆಗೇ ಅಂಟಿಕೊಂಡಿತ್ತು.

ಹೊಸದಾಗಿ ಬರೆದುಕೊಂಡು ಜಯಸಿಂಹರ ಮುಂದೆ ಇಟ್ಟಳು: ‘ಬಾಷಾ ವಾಸ್ ವರ್ಕಿಂಗ್ ಆನ್ ಎ ಪ್ರೆಸ್ ಫ್ರಮ್ ವಿಚ್ ದ ಗಾರ್ಡ್ ಹ್ಯಾಡ್ ಬೀನ್ ರಿಮೂವ್ಡ್.’

“ಸರ್, ತಪ್ಪು ನನ್ನದು. ಗಾರ್ಡ್ ಇಲ್ಲದ ಪ್ರೆಸ್ಸಿನಲ್ಲಿ ಅವನು ಕೆಲಸ ಮಾಡ್ತಿದ್ದ ಅಂತಷ್ಟೇ ಮೇಸ್ತ್ರಿ ಬರೆದಿದ್ದು.”

ಜಯಸಿಂಹ ಎರಡು ಸಲ ಓದಿದರು. “ಇದು ಚೆನ್ನಾಗಿದೆ. ಆದರೆ ಹಳೇದು ಇನ್ನೂ ಚೆನ್ನಾಗಿತ್ತಮ್ಮಾ,” ಎಂದು ಹಾಳೆ ಮಡಚಿ ಹಿಂದಕ್ಕೆ ಕೊಟ್ಟರು.

ಅಣವೀರಪ್ಪ ಕ್ಯಾಂಟೀನಿನ ಹಿಂದೆ ಸಿಕ್ಕ. “ಅಕ್ಕಾರ, ನನಗೂ ಹೆಂಡ್ತಿ ಮಕ್ಕಳದಾರ್ರಿ. ಗಾರ್ಡ್ ಇಲ್ಲಾಂತ ಮಶೀನ್ ನಿಂದ್ರಸಬ್ಯಾಡ ಅಂತ ಮ್ಯಾಲಿನವರು ಅಂದ್ರು. ಈಗ ಬಾಯಿ ಬಿಟ್ರ ನನ್ನ ಕುತಗಿಗೇ ಬರತೈತ್ರಿ.”

ಬಾಷಾ ಕಾರ್ಮಿಕ ಪರಿಹಾರ ಕಮಿಷನರ್ ಮುಂದೆ ಅರ್ಜಿ ಹಾಕಿದ. ಸಾಕ್ಷಿ ಹೇಳಲು ವನಮಾಲಾ ರಜೆ ಹಾಕಿ ಹೋದಳು. ಮೇಸ್ತ್ರಿಯ ಮೂಲ ವಾಕ್ಯವನ್ನು ತೋರಿಸಿ, ಕನ್ನಡದಲ್ಲಿ ಕೆಲಸ ಮಾಡಿದವನ ಹೆಸರಿಲ್ಲದೆಯೂ ಕ್ರಿಯಾಪದ ನಡೆಯುತ್ತದೆಂದು ವಿವರಿಸಿದಳು.

ಕಂಪನಿಯ ವಕೀಲರು ಸಾವಧಾನವಾಗಿಯೇ ಕೇಳಿದರು. “ಅಂದರೆ ಗಾರ್ಡ್ ಬೇರೆಯವರು ತೆಗೆದರು ಅಂತಲೂ ಈ ವಾಕ್ಯದಲ್ಲಿ ಇಲ್ಲ, ಅಲ್ಲವೇ?”

“ಇಲ್ಲ.”

“ಗಾರ್ಡ್ ತೆಗೆದದ್ದನ್ನು ನೀವು ನೋಡಿದಿರಾ?”

“ಇಲ್ಲ.”

“ವರದಿಯ ಇಂಗ್ಲಿಷ್ ನಿಮ್ಮದೇ. ಇಷ್ಟು ವರ್ಷದಲ್ಲಿ ನಿಮ್ಮ ಕರಡಿನಲ್ಲಿ ಯಾರಾದರೂ ತಪ್ಪು ಹಿಡಿದಿದ್ದಾರೆಯೇ?”

“ಇಲ್ಲ.”

ಆಮೇಲೆ ಅಣವೀರಪ್ಪ ಕಟಕಟೆಗೆ ಬಂದ. ನೆಲ ನೋಡಿಕೊಂಡು, ಗಾರ್ಡ್ ತೆಗೆದವನು ಬಾಷಾನೇ ಎಂದ. ಈ ಸಲ ಅವನ ಮಾತಿನಲ್ಲಿ ಯಾವ ಸಂದಿಗ್ಧವೂ ಇರಲಿಲ್ಲ.

ಅರ್ಜಿ ವಜಾ ಆಯಿತು. ಹೊರಗಿನ ಮೆಟ್ಟಿಲಲ್ಲಿ ಬಾಷಾ ಎಡಗೈ ಎತ್ತಿ ಸಲಾಂ ಮಾಡಿ, “ನೀವಾರ ಬಂದ್ರಲ್ಲ, ಅಕ್ಕಾ,” ಎಂದ. ಗೌಹರ ಮಾತ್ರ ವನಮಾಲಾಳ ಕಡೆ ತಿರುಗಿ ನೋಡಲಿಲ್ಲ.

ವನಮಾಲಾಳನ್ನು ಟಪಾಲು ವಿಭಾಗಕ್ಕೆ ಹಾಕಿದರು. ಲಕೋಟೆ ಅಂಟಿಸುವುದು, ವಿಳಾಸ ಬರೆಯುವುದು. ಒಂದು ಭಾನುವಾರ ಚಾಳಿನಲ್ಲಿದ್ದ ಬಾಷಾನ ಮನೆಗೆ ಹೋದಾಗ ಬಾಗಿಲು ತೆರೆದದ್ದು ಯಾರೋ ಅಪರಿಚಿತರು. “ವೋ ಲೋಗ್ ತೋ ಗಾಂವ್ ಚಲೇ ಗಯೇ,” ಎಂದರು. ಯಾವ ಊರಿಗೆ ಹೋದರೆಂದು ಅವರಿಗೂ ಗೊತ್ತಿರಲಿಲ್ಲ. ಆಕೆ ಲೋಕಲ್ ರೈಲು ಹಿಡಿದು ಮನೆಗೆ ಬಂದಳು.