ಬೀಸಿದ ತಾರೀಖು

ಅವಳಿಗೆ ಚೀಟಿ ಅತ್ತಿಗೆ ಅಂತ ಹೆಸರಿಟ್ಟವನು ಮೈದುನ. ತಮಾಷೆಗೆ ಇಟ್ಟದ್ದು, ಈಗ ಬೀದಿಯವರ ಬಾಯಲ್ಲೂ ಅದೇ. ಮನೆಯ ಹಿಂದಿನ ಕೋಣೆಯಲ್ಲಿ ಸಜ್ಜೆ ಬೀಸಿ, ಹಿಟ್ಟನ್ನು ಕಿಲೋ ಪ್ಯಾಕೆಟ್ಟು ಮಾಡಿ ಪೇಟೆಯ ಅಂಗಡಿಗೆ ಕೊಡುವುದು ಆ ಮನೆಯ ಕಸುಬು. ಗಿರಣಿ ಅತ್ತೆಯದು, ಓಡಾಟ ಮೈದುನನದು, ಪ್ಯಾಕೆಟ್ಟಿನ ಮೇಲಿನ ಚೀಟಿ ಅವಳದು. ಗಂಡ ಲಾರಿ ಓಡಿಸುತ್ತಾನೆ. ತಿಂಗಳಿಗೆ ಎರಡು ಸಲ ಮುಖ ತೋರಿಸಿದರೆ ಹೆಚ್ಚು.

ಚೀಟಿಯಲ್ಲಿ ಯಾವ ಹೊಲದ ಕಾಳು, ಎಷ್ಟನೇ ಬ್ಯಾಚು, ಬೀಸಿದ ತಾರೀಖು, ಎಷ್ಟು ದಿನ ಇಡಬಹುದು, ಹೇಗೆ ಇಡಬೇಕು ಎಂಬುದೆಲ್ಲ ಇರುತ್ತದೆ. ಕೆಳಗೆ ಅವಳ ಫೋನ್ ನಂಬರು. ಒಮ್ಮೆ ಮೈದುನ ತನ್ನ ಪಾಡಿಗೆ "ಸಕ್ಕರೆ ಕಾಯಿಲೆ ಮಾಯ" ಎಂದು ಅಚ್ಚು ಹಾಕಿಸಿದ್ದ. ಮರುವಾರವೇ ಮುದುಕರೊಬ್ಬರು ಫೋನ್ ಮಾಡಿ, "ಹಾಗಾದ್ರೆ ನಾನು ಮಾತ್ರೆ ಬಿಡಬಹುದೇನಮ್ಮಾ?" ಎಂದು ಕೇಳಿದರು. "ಬಿಡಬೇಡಿ, ಮಾತ್ರೆ ಬಿಡೋ ಮಾತು ಡಾಕ್ಟರು ಹೇಳಬೇಕು" ಎಂದು ನಾಲ್ಕು ಸಲ ಹೇಳಿ ಫೋನಿಟ್ಟಳು. ಉಳಿದ ಚೀಟಿಗಳೆಲ್ಲ ಅವತ್ತೇ ಒಲೆಗೆ ಹೋದವು. ಅಂದಿನಿಂದ ತಾನು ನಿಂತು ಉತ್ತರ ಕೊಡಬಲ್ಲ ಮಾತನ್ನಷ್ಟೇ ಅವಳು ಬರೆಯುವುದು.

ಆ ಬೆಳಿಗ್ಗೆ ಅವಳ ಕಣ್ಣೆಲ್ಲ ಗಡಿಯಾರದ ಮೇಲೆ. ತಂಗಿಗೆ ಹೆರಿಗೆಯಾಗಿ ಹತ್ತು ದಿನ. ಎರಡು ವರ್ಷದ ಮೇಲೆ ಮೊದಲ ಸಲ ಮನೆಯಿಂದ ನಾಲ್ಕು ದಿನ ರಜ ಸಿಕ್ಕಿತ್ತು. ಬಸ್ಸು ಹನ್ನೆರಡಕ್ಕೆ. ನಲವತ್ತು ಪ್ಯಾಕೆಟ್ಟಿಗೆ ಚೀಟಿ ಅಂಟಿಸಿ, ಹನ್ನೊಂದಕ್ಕೆ ಬರುವ ಅಂಗಡಿಯ ಗಾಡಿಗೆ ಏರಿಸಿದರೆ ಅವಳ ಕೆಲಸ ಮುಗಿಯಿತು.

ಹೊಸ ಬ್ಯಾಚು ಬರೆಯುವ ಮುಂಚೆ ಹಳೆಯದರಲ್ಲಿ ಉಳಿದದ್ದನ್ನು ತೂಗಿ ಬರೆದಿಡುವುದು ರೂಢಿ. ಹಳೆ ಡಬ್ಬಿ ತೆಗೆದರೆ ಫಳಫಳ ತೊಳೆದಿಟ್ಟಿದೆ.

"ಅತ್ತೆ, ಇದ್ರಲ್ಲಿ ಆರು ಕಿಲೋ ಇತ್ತಲ್ಲ?"

"ಹೊಸದಕ್ಕೆ ಬೆರೆಸ್ದೆ ಕಣೆ," ಎಂದರು ಅತ್ತೆ ಹೆಮ್ಮೆಯಿಂದ. "ಚೆಲ್ಲೋಕಾಗತ್ತಾ? ಮೂಸಿ ನೋಡು. ಕಮಟು ಬಂದಿದ್ರೆ ನನ್ನ ಕಿವಿ ಹಿಂಡು."

ಕಮಟು ಬಂದಿರಲಿಲ್ಲ, ಇನ್ನೂ. ಆದರೆ ಸಜ್ಜೆಯಲ್ಲಿ ಎಣ್ಣೆಯಂಶ ಜಾಸ್ತಿ. ಬೀಸಿದ ಮೇಲೆ ಬಹಳ ದಿನ ತಡೆಯದು, ಕಹಿಯಾಗುತ್ತದೆ. ಅದಕ್ಕೇ ಅವಳು ಮೂವತ್ತು ದಿನಕ್ಕಿಂತ ಹೆಚ್ಚು ಬರೆಯುವುದೇ ಇಲ್ಲ. ಹಳೆಯದು ಮಾರಾಟವಾಗದೆ ಡಬ್ಬಿಯಲ್ಲೇ ಉಳಿದದ್ದು, ಬೀಸಿ ಹದಿನೆಂಟು ದಿನ. ಬೆರೆತ ಮೇಲೆ ಇಡೀ ನಲವತ್ತು ಕಿಲೋಗೂ ಹಳೆ ತಾರೀಖೇ ಲೆಕ್ಕ. ಉಳಿಯುವುದು ಹನ್ನೆರಡು ದಿನ. ಇಪ್ಪತ್ತು ದಿನವಾದರೂ ಬಾಕಿ ಇಲ್ಲದಿದ್ದರೆ ಅಂಗಡಿಯವರು ಮುಟ್ಟುವುದಿಲ್ಲ. ಸಾಲದ್ದಕ್ಕೆ ನಿನ್ನೆ ಬೀಸಿದ ಹೊಸದು ಬಾವಿ ಹೊಲದ ಕಾಳು, ಹಳೆಯದು ಗುಡ್ಡದ ಹೊಲದ್ದು.

"ನಿನ್ನೆ ತಾರೀಖು ಹಾಕು ಅತ್ತಿಗೆ, ಯಾರಿಗೆ ಗೊತ್ತಾಗತ್ತೆ?" ಮೈದುನ ಬಾಗಿಲಿಗೆ ಅಡ್ಡ ನಿಂತ. "ಬಸ್ಸು ಬೇಕೋ ಬೇಡ್ವೋ?"

"ಫೋನು ಬರೋದು ನಂಗೆ, ನಿಂಗಲ್ಲ."

"ಅಂಗಡಿಯವ್ರಿಗೆ ಏನಂತೀಯಾ? ಅಮ್ಮ ಕಲಬೆರಕೆ ಮಾಡಿದ್ರು ಅಂತನಾ?"

ಅತ್ತೆಯ ಮುಖ ಸಣ್ಣದಾಯಿತು. ಕಸಕ್ಕೆ ಒಂದು ಕಾಳು ಬಿಡದ ಕೈ ಅದು. ಆ ಹೆಂಗಸನ್ನು ಇಂಥ ಮಾತಿಗೆ ಗುರಿ ಮಾಡುವುದು ಅವಳಿಗೂ ಬೇಕಿರಲಿಲ್ಲ. ಮುಂದೆ ಬಾಗಿಲು, ಬಾಗಿಲಲ್ಲಿ ಮೈದುನ. ಹಿಂದೆ ಗೋಡೆ, ಗೋಡೆಗೆ ಗಡಿಯಾರ. ಹತ್ತೂಕಾಲು. ಕೈಯಲ್ಲಿ ಪೆನ್ನು. ನಿನ್ನೆಯ ಒಂದು ತಾರೀಖು ಗೀಚಿದರೆ ಸಂಜೆಗೆ ಕೂಸು ಮಡಿಲಲ್ಲಿ.

ಅವಳು ಅಂಗಡಿಯಾಕೆಗೆ ಫೋನ್ ಮಾಡಿದಳು. "ಅಕ್ಕಾ, ಎರಡು ಸಲ ಬೀಸಿದ್ದು ಒಂದಾಗಿಬಿಟ್ಟಿದೆ. ಹಳೇದಕ್ಕೆ ಹನ್ನೆರಡೇ ದಿನ ಉಳಿದಿರೋದು." ಯಾರು ಬೆರೆಸಿದರು ಎಂದು ಹೇಳಲಿಲ್ಲ.

"ಅಯ್ಯೋ, ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ಇದು ಬೇಡ. ನಾಳೆ ಬೆಳಿಗ್ಗೆ ಗಾಡಿ ಕಳಿಸ್ತೀನಿ, ಹೊಸದಾಗಿ ಬೀಸಿ ಕೊಡು. ಮತ್ತೆ ಕೇಳು, ಇನ್ಮೇಲೆ ಪ್ರತಿ ಸಲ ಬೀಸೋವಾಗ್ಲೂ ನೀನೇ ನಿಂತು ನೋಡಿ ಚೀಟಿಗೆ ಸಹಿ ಹಾಕ್ಬೇಕು. ನಿನ್ನ ಸಹಿ ಇಲ್ದಿದ್ರೆ ನಾನು ತಗೊಳಲ್ಲ."

"ಪ್ರತಿ ಸಲಾನಾ ಅಕ್ಕಾ?"

"ಪ್ರತಿ ಸಲ. ನಂಬೋಕೆ ಇನ್ಯಾರಿದಾರೆ ಹೇಳು?"

ಗಿರಣಿ ಓಡುವುದು ವಾರಕ್ಕೆ ಎರಡು ಸಲ; ಇನ್ನು ನಾಲ್ಕು ದಿನ ಒಟ್ಟಿಗೆ ಮನೆ ಬಿಡುವಂತಿಲ್ಲ. ನಿಜ ಹೇಳಿದ್ದಕ್ಕೆ ಸಿಕ್ಕ ಬಹುಮಾನ ಇದು. ಅವಳು ತಂಗಿಗೆ ಫೋನ್ ಮಾಡಿದಳು.

"ಹೊರಟ್ಯಾ ಅಕ್ಕಾ?"

"ಇಲ್ವೇ. ಹಿಟ್ಟು ಬೀಸ್ಬೇಕು."

"ನಾಳೆ?"

"ನಾಳೆ ಗಾಡಿ ಬರತ್ತೆ."

"ಹಾಗಾದ್ರೆ ಯಾವಾಗ ಬರ್ತೀಯೇ? ಒಂದು ತಾರೀಖು ಹೇಳು!"

ಅವಳು ಬೆರಳು ಮಡಿಸಿ ಗಿರಣಿ ಓಡುವ ದಿನಗಳನ್ನು ಎಣಿಸತೊಡಗಿದಳು. ಆ ಕಡೆ ಕೂಸು ಅಳುತ್ತಿತ್ತು. ಈ ಕಡೆ ಅತ್ತೆ ಗಿರಣಿಯ ಬಾಯಿ ಬಿಚ್ಚಿ, ಬ್ರಷ್ಷಿನಿಂದ ಹಳೆ ಹಿಟ್ಟು ಕೆರೆಯತೊಡಗಿದ್ದರು.